ತಾರೀಖು ಕೇಳದ ಕಾಗದ

ಫೇಸ್‌ಬುಕ್ಕಿನಲ್ಲಿ ಯಾರ ಮುಲಾಜೂ ಇಲ್ಲದೆ ಬರೆಯುವವಳು ನಾನು. ಒಂದು ಇಂಗ್ಲಿಷ್ ಕಾಗದದಲ್ಲಿ ಮಾತ್ರ ಕೇಳಬೇಕಾದ್ದನ್ನೇ ಕೇಳಲಿಲ್ಲ.

ಕೊಟ್ಟಿಗೆಹಾರದ ಹತ್ತಿರ ನನ್ನದೊಂದು ಸಣ್ಣ ಶೆಡ್ಡು. ತೋಟಗಳಲ್ಲಿ ಕಿತ್ತ ಹಳೇ ಕಾಫಿ ಗಿಡಗಳನ್ನು ಕೊಯ್ದು, ಉಜ್ಜಿ, ನಾಯಿಗಳು ಕಡಿಯುವ ಕೋಲು ಮಾಡುತ್ತೇವೆ. ಜರ್ಮನಿಯ ನಾಯಿಗಳಿಗೆ. ನಗಬೇಡಿ, ಮೂವರು ಹೆಂಗಸರ ಮತ್ತು ನನ್ನ ಅನ್ನ ಅದು.

ಆ ಮಳೆಗಾಲ ಚಾರ್ಮಾಡಿಯಲ್ಲಿ ಗುಡ್ಡ ಜರಿದು ನಮ್ಮ ಲಾರಿ ನಿಂತಿತು. ಮಂಗಳೂರಲ್ಲಿ ಹಡಗು ಹೊರಟುಹೋಯಿತು. ಮುಂದಿನದು ಎರಡು ವಾರಕ್ಕೆ. ಇಂಥ ತಾರೀಖಿನೊಳಗೆ ಮಾಲು ಹಡಗು ಹತ್ತಿದರೆ ದುಡ್ಡು ಕೊಡುತ್ತೇವೆ ಎಂದು ಜರ್ಮನಿಯ ಗಿರಾಕಿಯ ಬ್ಯಾಂಕು ಎಲ್‌ಸಿ ಎಂಬ ಖಾತರಿ ಪತ್ರ ಬರೆದುಕೊಟ್ಟಿತ್ತು. ಆ ತಾರೀಖು ಬರುವ ಶುಕ್ರವಾರ. ಅದನ್ನು ಮುಂದೆ ಹಾಕಿಸಬೇಕಾದವನು ಗಿರಾಕಿಯೇ.

ಕೂತು ಗಿರಾಕಿಗೆ ಬರೆದೆ. ಎರಡು ಪುಟ ಬಂತು. ಎಷ್ಟು ಇಂಚು ಮಳೆ, ಯಾವ ತಿರುವಿನಲ್ಲಿ ಮಣ್ಣು, ಕರೆಂಟು ಹೋಗಿ ಎಷ್ಟು ದಿನ, ಎಲ್ಲ. ಅಷ್ಟು ಮಾತು ಆ ತಿಂಗಳು ನಾನು ಯಾರೊಂದಿಗೂ ಆಡಿರಲಿಲ್ಲ. ಮರುದಿನವೇ ಉತ್ತರ: ಅವಸರವಿಲ್ಲ, ರಸ್ತೆ ತೆರೆದ ಮೇಲೆ ಕಳಿಸಿ. ನೀವು ಕ್ಷೇಮವೇ? ಜೊತೆಯಲ್ಲಿ ಯಾರಾದರೂ ಇದ್ದಾರೆಯೇ?

ಖುಷಿಯಲ್ಲಿ ಚಿಕ್ಕಮಗಳೂರಿಗೆ ಹೋಗಿ ನಮ್ಮ ಬ್ಯಾಂಕಿನ ಅಧಿಕಾರಿಗೆ ಮೊಬೈಲಿನಲ್ಲಿ ಎರಡೂ ಕಾಗದ ತೋರಿಸಿದೆ.

"ಮೇಡಂ, ಇದ್ರಲ್ಲಿ ನೀವು ಏನೂ ಕೇಳೇ ಇಲ್ವಲ್ಲ?"

"ಹಡಗು ತಪ್ತು ಅಂತ ಬರ್ದಿದೀನಲ್ಲ ಸಾರ್. ಅಷ್ಟ್ ಹೇಳಿದ್ರೆ ತಿಳ್ಕೊಳಲ್ವಾ?"

"ನಿಮ್ ಪಕ್ಕದ ತೋಟದವ್ರಾದ್ರೆ ತಿಳ್ಕೊತಾರೆ. ಇವ್ರು ಪಾಪ, ಮಳೆ ಸಮಾಚಾರ ಅಂತ ಓದಿದಾರೆ. ಅವಸರ ಇಲ್ಲ ಅಂದ್ರೆ ಎಲ್‌ಸಿ ತಿದ್ದಿದ ಹಾಗಾಗಲ್ಲ. ತಡವಾಗಿ ಹಡಗು ಹತ್ತಿದ ಪೇಪರ್ ಕೊಟ್ರೆ ಅವರ ಬ್ಯಾಂಕು ವಾಪಸ್ ಎಸೀಬೋದು."

ಅವರು ಹೇಳಿದ್ದು ನಿಜ. ನಮ್ಮಲ್ಲಿ ಜೀಪು ಬೇಕಾದರೆ ಜೀಪು ಕೊಡಿ ಎನ್ನುವುದಿಲ್ಲ. ಜಗಲಿಯಲ್ಲಿ ಕೂತು ಕಾಫಿ ಕುಡಿದು, ಏಳುವಾಗ "ನಮ್ ಜೀಪು ಕೆಟ್ಟು ನಿಂತಿದೆ ನೋಡಿ" ಎನ್ನುತ್ತೇವೆ. "ನಮ್ದು ತಗೊಂಡ್ಹೋಗಿ" ಎನ್ನುವುದು ಆ ಮನೆಯವರ ಕೆಲಸ.

ಅಲ್ಲೇ ಅವರ ಮೇಜಿನ ಎದುರು ನಾಲ್ಕು ಸಾಲು ಬರೆದೆ. ಹಡಗು ಹತ್ತುವ ಕೊನೇ ತಾರೀಖು, ಎಲ್‌ಸಿ ಮುಗಿಯುವ ತಾರೀಖು, ಎರಡನ್ನೂ ಮೂರು ವಾರ ಮುಂದೆ ಹಾಕಿಸಿ. ತಿದ್ದುಪಡಿಯ ಖರ್ಚು ನಮ್ಮದು. ಓದಿ ನೋಡಿದರೆ ಜಗಳಕ್ಕೆ ಹೋದವಳ ಹಾಗಿತ್ತು.

"ಈಗ ಸರಿ" ಎಂದರು.

ಗುರುವಾರ ಉತ್ತರ ಬಂತು: ನನ್ನ ಬ್ಯಾಂಕಿಗೆ ತಿಳಿಸಿದ್ದೇನೆ. ಅಷ್ಟೇ. ಕ್ಷೇಮವೇ ಎಂದಿರಲಿಲ್ಲ. ಶುಕ್ರವಾರ ತಿದ್ದುಪಡಿ ನಮ್ಮ ಬ್ಯಾಂಕಿಗೆ ಬಂತು, ಆಮೇಲೆ ಪೆಟ್ಟಿಗೆಗಳು ಹಡಗು ಹತ್ತಿದವು.

ಹೆಂಗಸರು ಮನೆಗೆ ಹೋದ ಮೇಲೆ ಶೆಡ್ಡಿನಲ್ಲಿ ಒಬ್ಬಳೇ ಗಿರಾಕಿಯ ಮೊದಲ ಕಾಗದ ಮತ್ತೆ ತೆರೆದೆ. ಜೊತೆಯಲ್ಲಿ ಯಾರಾದರೂ ಇದ್ದಾರೆಯೇ ಎಂಬುದಕ್ಕೆ ನಾನು ಉತ್ತರಿಸಿರಲಿಲ್ಲ. ಈಗಲಾದರೂ ಬರೆಯೋಣವೆಂದು ಕೂತೆ.

ಮಳೆ ಸ್ವಲ್ಪ ಕಡಿಮೆಯಾಗಿದೆ ಎಂದು ಬರೆದು ಕಳಿಸಿದೆ.