ಒಪ್ಪ ಮೇಷ್ಟ್ರು ಕಟ್ಟಿದ ಸಿಗ್ನಲ್

ಆ ಬೆಳಕಿನ ಪ್ರಯೋಗಾಲಯದ ಮುಖ್ಯಸ್ಥರಿಗೆ ವಿದ್ಯಾರ್ಥಿಗಳಿಟ್ಟ ಹೆಸರು ಒಪ್ಪ ಮೇಷ್ಟ್ರು. ಅವರ ಮೇಜಿನ ಮೇಲೆ ಪೆನ್ನು ಓರೆಯಾಗಿದ್ದನ್ನು ಕಂಡವರಿಲ್ಲ. ವೈರು ಹರಡಿಕೊಂಡಿದ್ದರಂತೂ ಮೈಮೇಲೆ ಹುಳ ಹರಿದ ಹಾಗೆ ಆಡುತ್ತಿದ್ದರು. ವಿಜ್ಞಾನ ಅಷ್ಟಕ್ಕಷ್ಟೇ, ಅಚ್ಚುಕಟ್ಟು ಮಾತ್ರ ಅಪ್ಪಟ.

ಅವರ ಕೈಕೆಳಗೆ ಡಾಕ್ಟರೇಟಿಗಾಗಿ ಒದ್ದಾಡುತ್ತಿದ್ದವಳಿಗೆ ಮನೆಯಲ್ಲಿ ಅತ್ತೆಯದು ಒಂದೇ ರಾಗ: "ಇನ್ನೂ ಓದು ಮುಗೀಲಿಲ್ವೇನಮ್ಮ?" ಮುಗಿಯಬೇಕಾದರೆ ಒಂದು ಗಾಜಿನ ಚೂರು ಹೊಮ್ಮಿಸುವ ಮಿಣುಕು ಬೆಳಕನ್ನು ಅಳೆಯಬೇಕು. ಅದೋ, ಉಪಕರಣಗಳ ವಿದ್ಯುತ್ತಿನ ಗದ್ದಲದಲ್ಲಿ ಮುಳುಗಿಹೋಗಿತ್ತು. ಹೆಕ್ಕುವ ಉಪಾಯವೇನೋ ಇದೆ. ಗಾಜಿಗೆ ಬೆಳಕು ಚೆಲ್ಲುವ ದೀಪದ ಮುಂದೆ ಸೀಳುಗಳಿರುವ ತಟ್ಟೆ ತಿರುಗುತ್ತ ಬೆಳಕನ್ನು ತಾಳಕ್ಕೆ ಸರಿಯಾಗಿ ಕತ್ತರಿಸುತ್ತದೆ. ಅದೇ ತಾಳ ಬೇರೊಂದು ವೈರಿನಲ್ಲಿ ಅಳೆಯುವ ಯಂತ್ರಕ್ಕೂ ಬರುತ್ತದೆ. ಗಾಜಿನ ಬೆಳಕನ್ನು ಹಿಡಿಯುವ ಡಿಟೆಕ್ಟರು ಕಳಿಸಿದ್ದನ್ನೆಲ್ಲ ಯಂತ್ರ ಆ ತಾಳದಿಂದ ಗುಣಿಸುತ್ತದೆ. ತಾಳಕ್ಕೆ ಹೆಜ್ಜೆ ಕೂಡಿದ್ದು ಒಂದೇ ಕಡೆಗೆ ವಾಲಿ ನಿಲ್ಲುತ್ತದೆ. ಗದ್ದಲ ಮೇಲೆ ಕೆಳಗೆ ಕುಣಿಯುತ್ತದೆ. ಹಿಂದಿರುವ ಫಿಲ್ಟರು ಕುಣಿತವನ್ನೆಲ್ಲ ಸರಾಸರಿಯಲ್ಲಿ ಅಳಿಸಿ, ನಿಂತದ್ದನ್ನು ಮಾತ್ರ ಅಳತೆಯ ಮುಳ್ಳಿಗೆ ಬಿಡುತ್ತದೆ.

ಆದರೆ ಮುಳ್ಳು ಸೊನ್ನೆಯ ಆಚೀಚೆ ನಡುಗುತ್ತಲೇ ಇತ್ತು. ಫಿಲ್ಟರು ಸರಾಸರಿ ತೆಗೆಯುವ ಕಾಲ ಹೆಚ್ಚಿಸೋಣವೆಂದರೆ ಮೇಷ್ಟ್ರು ಬಿಡರು: "ಮುಳ್ಳು ಸೋಮಾರಿಯಾಗುತ್ತೆ, ನೋಡೋಕೆ ಚೆನ್ನಾಗಿರಲ್ಲ."

ಪರಿಶೀಲನಾ ಸಮಿತಿ ಬರುವ ದಿನ ಬೆಳಿಗ್ಗೆ ನೋಡಿದರೆ ಮುಳ್ಳು ಅರ್ಧಕ್ಕೇರಿ ನಿಂತಿದೆ.

"ನಿನ್ನೆ ವೈರೆಲ್ಲ ನಾನೇ ಒಟ್ಟಿಗೆ ಸೇರಿಸಿ ಕಟ್ಟಿದೆ," ಎಂದರು ಮೇಷ್ಟ್ರು. "ಒಪ್ಪವಾಗಿದ್ರೆ ಫಲಿತಾಂಶ ತಾನಾಗಿ ಬರುತ್ತಮ್ಮ."

ಅವಳಿಗೆ ಹಿಡಿಸಲಾರದ ಖುಷಿ. ಅತ್ತೆಗೆ ಹೇಳುವ ಮಾತನ್ನೂ ಮನಸ್ಸಲ್ಲೇ ಹೊಂದಿಸಿಕೊಂಡಳು. ಆಮೇಲೆ ಕೈ ಸುಮ್ಮನಿರಬೇಕಲ್ಲ, ರೂಢಿಯಂತೆ ಗಾಜಿನ ಮುಂದೆ ಒಂದು ರಟ್ಟು ಅಡ್ಡ ಇಟ್ಟಳು. ಬೆಳಕು ನಿಂತಿತು. ಮುಳ್ಳು ಜಪ್ಪಯ್ಯ ಅನ್ನಲಿಲ್ಲ.

ಅವಳು ವೈರುಗಳ ಕಡೆ ಬಗ್ಗಿ ನೋಡಿದಳು. ತಾಳದ ವೈರನ್ನೂ ಡಿಟೆಕ್ಟರಿನ ವೈರನ್ನೂ ಮೇಷ್ಟ್ರು ಉದ್ದಕ್ಕೂ ಬಿಗಿದು ಕಟ್ಟಿದ್ದರು. ಮೊದಲನೆಯದರಿಂದ ಎರಡನೆಯದಕ್ಕೆ ತಾಳ ಸೋರುತ್ತಿತ್ತು. ಹೆಜ್ಜೆ ಸರಿಯಿದ್ದರೆ ಆ ಯಂತ್ರ ಕಳ್ಳನಿಗೂ ಮಣೆ ಹಾಕುತ್ತದೆ.

"ಸರ್, ಇದು ಬೆಳಕಲ್ಲ. ವೈರಿಂದ ವೈರಿಗೆ ಸೋರಿರೋದು."

"ರಟ್ಟು ತೆಗಿ. ಸಮಿತಿಯವರೇನು ರಟ್ಟು ತರ್ತಾರಾ?"

ತೆಗೆದು ಸುಮ್ಮನಿದ್ದರೆ ಇವತ್ತೇ ಗೆದ್ದಂತೆ. ಆಸೆಯಾಯಿತು, ಸುಳ್ಳೇಕೆ. ಆದರೂ ಕತ್ತರಿ ತಗೊಂಡು ಕಟ್ಟುಗಳನ್ನೆಲ್ಲ ಕತ್ತರಿಸಿ, ಎರಡು ವೈರುಗಳನ್ನು ಮೇಜಿನ ಆ ಕೊನೆಗೊಂದು ಈ ಕೊನೆಗೊಂದು ಎಳೆದಳು. ಮುಳ್ಳು ದೊಪ್ಪನೆ ಸೊನ್ನೆಗೆ ಬಿತ್ತು.

"ಮಾನ ಕಳೆದೆಯಲ್ಲಮ್ಮ," ಎಂದು ಮೇಷ್ಟ್ರು ಕುರ್ಚಿಗೆ ಕುಸಿದರು.

ಅವಳು ರಟ್ಟು ತೆಗೆದು, ಕೇಳದೆಯೇ ಫಿಲ್ಟರಿನ ಕಾಲ ಹೆಚ್ಚಿಸಿ ಕಾದಳು. ಮುಳ್ಳಿನ ನಡುಕ ಇಳಿಯಿತು. ತೆವಳುತ್ತ ಕೂದಲೆಳೆಯಷ್ಟು ಮೇಲೇರಿ ನಿಂತಿತು. ರಟ್ಟು ಇಟ್ಟರೆ ಮೆಲ್ಲಗೆ ಇಳಿಯಿತು. ತೆಗೆದರೆ ಮತ್ತೆ ಏರಿತು.

"ಇಷ್ಟೇನಾ?"

"ಇಷ್ಟೇ ಸರ್. ಆದ್ರೆ ಇದು ನಮ್ದು."

ಪಡಸಾಲೆಯಲ್ಲಿ ಸಮಿತಿಯವರ ಬೂಟಿನ ಸದ್ದು ಕೇಳಿಸಿತು. ಮೇಷ್ಟ್ರು ಕೂದಲೆಳೆಯಷ್ಟು ಎದ್ದ ಮುಳ್ಳನ್ನು ನೋಡಿದರು, ಮೇಜಿನ ತುಂಬ ಚೆಲ್ಲಾಡಿದ ವೈರುಗಳನ್ನು ನೋಡಿದರು. ಅವರ ಜೇಬಿನಿಂದ ವೈರು ಬಿಗಿಯುವ ಹೊಸ ಕೇಬಲ್ ಟೈ ಹೊರಬಂತು.

ಅವಳು ಡಿಟೆಕ್ಟರಿನ ವೈರಿನ ಮೇಲೆ ಅಂಗೈ ಊರಿ ನಿಂತಳು. "ಕಟ್ಟೋದಿದ್ರೆ ನನ್ನ ಕೈನೂ ಸೇರಿಸಿ ಕಟ್ಟಿ ಸರ್."