ಅಣ್ಣ ಆಡಿದ ಒಂದೇ ಸುಳ್ಳು

ನನ್ನ ಅಣ್ಣನ ಬಲಗೈಯ ಎರಡು ಬೆರಳು ಯಾವಾಗಲೂ ಬೆಳ್ಳಗಿರುತ್ತಿದ್ದವು. ಸೀಮೆಸುಣ್ಣ ಉಗುರಿನ ಸಂದಿಯಲ್ಲಿ ಕೂತುಬಿಟ್ಟಿತ್ತು, ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಅವನು ಊಟಕ್ಕೆ ಕೂತಾಗ ಅವ್ವ, “ರೊಟ್ಟಿಗೆ ಸುಣ್ಣ ಹಚ್ಚಿಕೊಂಡು ತಿಂತಾನ, ಎಲಿ ಅಡಿಕಿ ಖರ್ಚು ಉಳೀತು” ಎಂದು ನಗುತ್ತಿದ್ದಳು. ಅದೇ ಕೈ ಮುಗಿದು ಅವನು ನನ್ನಲ್ಲಿ ಒಂದು ಮಾತು ಬೇಡಿದ. ಈ ಚಳಿಗಾಲ ಒಂದು ಕಳೆಯುವ ತನಕ ನಿನ್ನ ಗಂಡನನ್ನು ಆಟಕ್ಕೆ ಕಳಿಸಬೇಡ ಎಂದ. ನಾನು ಹೂಂ ಅಂದೆ. ಆದರೆ ಆ ಮಾತು ನಡೆಸಲಿಲ್ಲ.

ನಾನು ಮಾನ್ವಿಯಲ್ಲಿ ನಾಲ್ಕನೇ ಕ್ಲಾಸಿನ ತನಕ ಓದಿದವಳು. ಅಣ್ಣ ಏಳನೇ ಕ್ಲಾಸು ಮುಗಿಸಿದ್ದ. ಎಪ್ಪತ್ತರ ದಶಕದಲ್ಲಿ ಅವನಿಗೆ ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ಒಬ್ಬ ಸೇಠನ ಹತ್ತಿರ ಕೆಲಸ ಸಿಕ್ಕಿತು. ಅಂಗಡಿಯ ಮುಂದೆ ರೇಡಿಯೋ ರಿಪೇರಿ, ಹಿಂದಿನ ಕೋಣೆಯಲ್ಲಿ ಹೈದರಾಬಾದಿನ ಕುದುರೆ ರೇಸಿನ ಬಾಜಿ. ಅದು ಕಾನೂನಿನ ಕೆಲಸವಲ್ಲ, ಗೊತ್ತು. ಆದರೆ ಆ ಕೋಣೆಯಲ್ಲಿ ಯಾವ ಕುದುರೆಗೆ ಎಷ್ಟು ರೇಟು ಎಂದು ಕಟ್ಟುವವನು ಅಣ್ಣ. ರೇಸಿನ ದಿನ ನಸುಕಿನಲ್ಲೇ ಕೂತು, ಯಾವ ಕುದುರೆ ಹಿಂದಿನ ಸಲ ಹೇಗೆ ಓಡಿತ್ತು, ಇವತ್ತು ಬೆನ್ನ ಮೇಲೆ ಎಷ್ಟು ಭಾರ, ಓಟ ಉದ್ದದ್ದೋ ಗಿಡ್ಡದ್ದೋ, ಮೇಲೆ ಕೂತು ಓಡಿಸುವವನು ಯಾರು, ಎಲ್ಲ ನೋಡಿ ಕರಿ ಹಲಗೆಯ ಮೇಲೆ ರೇಟು ಬರೆಯುತ್ತಿದ್ದ. ಆಮೇಲೆ ಹೈದರಾಬಾದಿನಿಂದ ಟ್ರಂಕ್ ಕಾಲ್ ಬಂದಂತೆ ಅಳಿಸಿ ತಿದ್ದುತ್ತಿದ್ದ.

ಒಮ್ಮೆ ನನಗೆ ತಿಳಿಸಿ ಹೇಳಿದ್ದ. “ಎರಡೇ ಕುದುರಿ ಓಡ್ತಾವ, ಎರಡೂ ಸಮ ಅಂತ ತಿಳಕೊ. ನ್ಯಾಯದ ರೇಟು ಎಷ್ಟು? ಹತ್ತು ಹಾಕಿ ಗೆದ್ದರ ಹತ್ತು ಲಾಭ. ನಾವು ಹತ್ತಕ್ಕ ಎಂಟೇ ಕೊಡ್ತೀವಿ. ಇಬ್ಬರು ಬಂದು ಒಂದೊಂದರ ಮ್ಯಾಲ ಹತ್ತು ಹತ್ತು ಹಾಕಿದರು. ಬಂದದ್ದು ಇಪ್ಪತ್ತು. ಗೆದ್ದವನಿಗೆ ಅವನ ಹತ್ತು, ಮ್ಯಾಲೆ ಎಂಟು. ಯಾವ ಕುದುರಿ ಗೆದ್ದರೇನು, ಸೇಠಗ ಎರಡು ಉಳೀತು.”

“ಹಂಗಾರ ಆಡವರು ಯಾವಾಗೂ ಸೋಲತಾರೇನು?”

“ಒಂದು ದಿನ ಗೆಲ್ಲತಾರ, ಒಂದು ತಿಂಗಳೂ ಗೆಲ್ಲತಾರ. ಆಡಕೋತ ಇದ್ದರ ಆ ಎರಡು ಎರಡು ಕೈ ಬಿಟ್ಟು ಹೋಕ್ಕೋತನ ಇರತಾವ.”

ಅವನು ಮಾತ್ರ ಎಂದೂ ಒಂದು ರೂಪಾಯಿ ಹಾಕಿದವನಲ್ಲ. ಆದರೆ ರೇಟು ಕಟ್ಟುವ ಚಟ ಎಲ್ಲದಕ್ಕೂ ಅಂಟಿಕೊಂಡಿತ್ತು. ಮಾನ್ವಿ ಬಸ್ಸಿಗೆ ಕಾಯುತ್ತಾ, “ವ್ಯಾಳ್ಯಾಕ್ಕ ಬರೂದು ಒಂದಕ್ಕ ನಾಕು” ಅನ್ನುತ್ತಿದ್ದ. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ ಒಳಗೆ ಬಂದು ನನ್ನ ಕಿವಿಯಲ್ಲಿ, “ಒಪ್ಪತಾರ, ಹತ್ತಕ್ಕ ಎರಡೂ ಕೊಡಂಗಿಲ್ಲ ನಾನು” ಎಂದ. ಚಹದ ತಾಟು ಕೈಯಲ್ಲಿ ಹಿಡಿದು ನಾನು ನಗು ತಡೆಯಲಾರದೆ ನಿಂತಿದ್ದೆ.

ಆ ಗಂಡೇ ನಮ್ಮ ಮನೆಯವರು. ಕಾಳುಕಡಿ ಮಾರುವ ಗಂಜ್ ಹತ್ತಿರದ ಹತ್ತಿ ಮಿಲ್ಲಿನಲ್ಲಿ ಹತ್ತಿ ಒತ್ತಿ ಬೇಲು, ಅಂದರೆ ದೊಡ್ಡ ಗಂಟು, ಕಟ್ಟುವ ಕೆಲಸ. ಮಾತು ಕಡಿಮೆ, ಕುಡಿತವಿಲ್ಲ. ಮದುವೆಯಾಗಿ ಕೆಲವು ವರ್ಷಕ್ಕೆ ಗೆಳೆಯರ ಜೊತೆ ಸೇಠನ ಕೋಣೆಗೆ ಹೋಗಲು ಹತ್ತಿದರು. ಅಣ್ಣನಿಗೆ ಸೇರಲಿಲ್ಲ. ಇವನು ನನ್ನ ತಂಗಿಯ ಗಂಡ ಎಂದು ಹೇಳಿಕೊಳ್ಳಲು ನಾಚಿಕೆಯಾಗಿ ಸೇಠನ ಮುಂದೆ ಸುಮ್ಮನಿದ್ದ. ಅದೊಂದು ಮಳೆಗಾಲ ಇವರು ಗೆಲ್ಲಲು ಶುರುಮಾಡಿದರು. ಪ್ರತಿ ಸಲ ಅಲ್ಲ. ಆದರೆ ಯಾರೂ ಮುಟ್ಟದ ಕುದುರೆ ಹಿಡಿದು ಒಂದಕ್ಕೆ ಎಂಟು, ಒಂದಕ್ಕೆ ಹನ್ನೆರಡು ತರುತ್ತಿದ್ದರು. ನನ್ನ ಕೈಗೆ ಬಂಗಾರದ ಬಳೆ ಬಂದವು. ಮನೆಯ ಮೇಲೆ ತಗಡು ಹೋಗಿ ಬಂಡೆಗಲ್ಲಿನ ಚಾವಣಿ ಬಂತು. ಓಣಿಯ ಹೆಂಗಸರು ನಳದ ಹತ್ತಿರ ನನಗೆ ಜಾಗ ಬಿಡತೊಡಗಿದರು.

ಸೇಠನಿಗೆ ಸಂಶಯ ಬಂತು. ಯಾರಿಗೂ ಏನೂ ಹೇಳದೆ, ಮುಖ ಗಂಟು ಹಾಕಿಕೊಂಡು ಬಂದು ಬಾಜಿ ಹಚ್ಚಿ ಹೋಗುವ ಈ ಮಿಲ್ಲಿನ ಮನುಷ್ಯನಿಗೆ ಹೈದರಾಬಾದಿನ ಕುದುರೆ ಲಾಯದಿಂದ ಸುದ್ದಿ ಬರುತ್ತಿರಬೇಕು ಎಂದುಕೊಂಡ. ಪತ್ತೆ ಹಚ್ಚು ಎಂದು ಅಣ್ಣನಿಗೆ ಹೇಳಿದ.

ಒಂದು ಮಧ್ಯಾಹ್ನ ಅಣ್ಣ ನಮ್ಮ ಮನೆಗೆ ಬಂದ. ಇವರು ಮಿಲ್ಲಿಗೆ ಹೋಗಿದ್ದರು.

“ಖರೇ ಹೇಳು ತಂಗಿ, ಇವಗ ಹೈದರಾಬಾದಿನಾಗ ಯಾರರ ಅದಾರೇನು?”

“ಯಾರದಾರೋ ಯಣ್ಣಾ. ಶನಿವಾರ ಕಡೀ ಬೇಲಿನ ಮ್ಯಾಲ ಯಾವ ನಂಬರು ಬರೀತಾರೋ, ಅದರ ಕೊನೀ ಅಂಕಿ ನೋಡಿ ಆ ನಂಬರಿನ ಕುದುರಿ ಹಿಡೀತಾರ. ಬಾಯಿ ಬಿಟ್ಟು ಹೇಳಿದರ ಶಕುನ ಕೆಡತದಂತ.”

ಅಣ್ಣ ಕಣ್ಣಲ್ಲಿ ನೀರು ಬರುವ ತನಕ ನಕ್ಕ. “ಹತ್ತೀ ಬೇಲು ನೋಡಿ ಕುದುರಿ ಹಿಡಿಯವಗ ಅಂಜಿ ಸೇಠ ನಿದ್ದಿ ಬಿಟ್ಟಾನಲ್ಲೇ ಯವ್ವಾ!” ಆಮೇಲೆ ನಗು ನಿಂತಿತು. “ನನಗ ಮೊದಲೇ ಗೊತ್ತಿತ್ತು. ಇದು ಬರೇ ಅದೃಷ್ಟ.”

“ಹೆಂಗ ಗೊತ್ತು?” ನನಗೆ ಸಿಟ್ಟು ಬಂದಿತ್ತು.

“ಲಾಯದ ಸುದ್ದಿ ಒಬ್ಬಗ ಬಂದರ ಹತ್ತು ಮಂದಿಗೆ ಬಂದಿರತದ. ಎಲ್ಲಾರೂ ಅದೇ ಕುದುರಿ ಮ್ಯಾಲ ರೊಕ್ಕ ಸುರಿತಾರ. ರೊಕ್ಕ ಬಿದ್ದಂಗ ರೇಟು ಇಳೀತದ. ಸುದ್ದಿ ಇದ್ದವ ಮುಂಜಾನಿ ಒಂದಕ್ಕ ಎಂಟರ ರೇಟಿಗೆ ಹಿಡಿದದ್ದು ಓಡೂ ಹೊತ್ತಿಗೆ ನಾಕಕ್ಕ ಬಂದಿರತದ. ನಿನ್ನ ಗಂಡಂದು ಉಲ್ಟಾ. ಇವ ಎಂಟಕ್ಕ ಹಿಡಿದದ್ದು ಕಡೀ ಫೋನಿನಾಗ ಹತ್ತು ಆಗಿರತದ. ತಡೆದು ಹಚ್ಚಿದ್ದರ ಹೆಚ್ಚು ಸಿಗತಿತ್ತು. ಒಮ್ಮೆ ಅಲ್ಲ, ಬಹಳ ಸಲ ನೋಡೀನಿ. ಗೆದ್ದಾಗೂ ಹಂಗ, ಸೋತಾಗೂ ಹಂಗ. ಮತ್ತ ಆ ದೊಡ್ಡ ಗೆಲುವು ಮೂರು ನಾಕು ತಗದು ನೋಡು, ಉಳಿದದ್ದರಾಗ ಕಳಕೊಂಡಾನ.”

“ಊರಾಗ ಎಷ್ಟು ಮಂದಿ ಆಡತಾರ, ಇವರಿಗೇ ಯಾಕ ಬಂತು ಮತ್ತ?”

“ಅಷ್ಟು ಮಂದಿ ಆಡತಾರಲ್ಲ, ಅದಕ್ಕ! ಅಷ್ಟು ಮಂದ್ಯಾಗ ಯಾರರ ಒಬ್ಬರ ಮನಿಗೆ ಇಂಥ ಸಾಲು ಗೆಲುವು ಬರಲೇಬೇಕು. ಈ ಸಲ ನಿಮ್ಮ ಮನಿಗೆ ಬಂದದ. ಕುದುರಿಗೆ ನಿನ್ನ ಗಂಡ ಯಾರಂತ ಗೊತ್ತಿಲ್ಲವ್ವಾ. ಗೆದ್ದದ್ದು ಗೆದ್ದಾತು, ಈ ಚಳಿಗಾಲ ಮುಗಿಯೂ ತನಕರ ನಿಲ್ಲಿಸು. ನಾ ಹೇಳಿದರ ಅವ ಕೇಳಂಗಿಲ್ಲ, ನಿನ್ನ ಮಾತು ಕೇಳತಾನ.”

ಆಗಲೇ ಅವನು ಕೈ ಮುಗಿದದ್ದು. ನಾನು ಹೂಂ ಅಂದೆ. ಆದರೆ ನನ್ನ ಗಂಡನಲ್ಲಿ ಏನೂ ವಿಶೇಷ ಇಲ್ಲ ಎಂದು ಅಣ್ಣ ಲೆಕ್ಕ ಹಾಕಿ ತೋರಿಸಿದ್ದು ನನಗೆ ಚುಚ್ಚಿತ್ತು. ಇವರು ಬಂದಾಗ ನಾನು ಬಾಯಿ ಬಿಡಲಿಲ್ಲ. ಮುಂದಿನ ರೇಸಿನ ದಿನ ಬಿಸಿ ಬಿಸಿ ಚಹ ಕೊಟ್ಟು ನಾನೇ ಕಳಿಸಿದೆ.

ಇನ್ನು, ಇವರು ಮತ್ತೆ ಕೋಣೆಗೆ ಬಂದದ್ದು ಕಂಡ ಅಣ್ಣನ ಪಾಡು. ಇದು ಅದೃಷ್ಟ ಎಂದು ಸೇಠನಿಗೆ ಖರೇ ಹೇಳಿದರೆ ಸೇಠ ಇವರನ್ನು ಕರೆದು ಕೂಡಿಸಿ, ಚಹ ಕುಡಿಸಿ ಆಡಿಸುತ್ತಿದ್ದ. ಅಂಥ ಗಿರಾಕಿಯ ರೊಕ್ಕ ಎಲ್ಲಿಗೂ ಹೋಗುವುದಿಲ್ಲ, ತಿರುಗಿ ಬರುತ್ತದೆ ಎಂದು ಆ ಧಂದೆಯವರಿಗೆ ಗೊತ್ತು. ಅಣ್ಣ ಎಂದೂ ಸೇಠನಿಗೆ ತಪ್ಪು ಹೇಳಿದವನಲ್ಲ. ಅವನ ಹಲಗೆಯ ರೇಟಿಗೂ ಹೈದರಾಬಾದಿನ ರೇಟಿಗೂ ಕೂದಲೆಳೆ ಫರಕು ಬಂದರೂ ಅವತ್ತು ಊಟ ಸೇರುತ್ತಿರಲಿಲ್ಲ. ಅಂಥವನು ಹೋಗಿ, “ಅವಗ ಲಾಯದಿಂದ ಸುದ್ದಿ ಬರತದ ಸೇಠಜೀ. ಬಾಜಿ ತಗೋಬ್ಯಾಡ್ರಿ, ಮುಳುಗತೀರಿ” ಎಂದುಬಿಟ್ಟ.

ಮಾರನೇ ವಾರ ಇವರನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರು. ಹೀಗೆ ಹೇಳಿದವರು ಯಾರು ಎಂಬುದೂ ತಿಳಿಯಿತು. ನಾನು ಅಣ್ಣನ ಖೋಲಿಗೆ ಹೋಗಿ ಹೊಸ್ತಿಲಲ್ಲಿ ನಿಂತು ಕೂಗಾಡಿದೆ.

“ತಂಗಿ ಕೈಯಾಗ ಬಳಿ ಬಂದಿದ್ದು ನೋಡಲಾರದ ಹಿಂಗ ಮಾಡಿದೇನೋ? ನನಗೊಂದು ಹೇಳತಿ, ಸೇಠಗೊಂದು ಹೇಳತಿ. ಯಾರ ಅನ್ನ ತಿಂದು ಬೆಳದಿಯೋ ನೀನು?”

ಅವನು ಬಟ್ಟೆಗೆ ಸೋಪು ಹಚ್ಚುತ್ತಿದ್ದ. “ಒಳಗ ಬಾರವ್ವಾ, ಮಂದಿ ನೋಡಾಕತ್ತಾರ” ಎಂದ. ನಾನು ಒಳಗೆ ಹೋಗಲಿಲ್ಲ.

ಮನೆಗೆ ಬಂದು ಬಳೆ ಬಿಚ್ಚಿ ಇವರ ಕೈಗೆ ಕೊಟ್ಟೆ. ಗಂಜ್ ಕಡೆ ಇನ್ನೊಬ್ಬ ಬಾಜಿಯವನಿದ್ದ, ಅವನ ಹತ್ತಿರ ಆಡ್ರಿ, ಸೇಠನಿಗೂ ಅಣ್ಣನಿಗೂ ತೋರಿಸ್ರಿ ಎಂದೆ. ಬೇಲಿನ ನಂಬರು ಅದೇ, ಆಡುವ ಕೈ ಅದೇ. ಕುದುರೆ ಮಾತ್ರ ಒಂದೂ ಬರಲಿಲ್ಲ. ಇವರು ಹಟಕ್ಕೆ ಬಿದ್ದು ದೊಡ್ಡ ದೊಡ್ಡ ಬಾಜಿ ಹಚ್ಚಿದರು. ಚಳಿಗಾಲ ಮುಗಿಯುವುದರೊಳಗೆ ಬಳೆಯೂ ಹೋದವು, ಬಂಡೆ ಹೊದಿಸಿದ ಮನೆಯೂ ಹೋಯಿತು. ನಾವು ಬಾಡಿಗೆ ಕೋಣೆ ಸೇರಿದೆವು.

ಗಂಜಿನವನು ಸೇಠನನ್ನು ಹಂಗಿಸಿದನಂತೆ: “ನೀ ಅಂಜಿ ಬಿಟ್ಟ ಗಿರಾಕಿ ನನಗ ಮನಿ ಕಟ್ಟಿಸಿದ.” ಸೇಠ ವಿಚಾರಿಸಿದ. ಗಿರಾಕಿ ಅಣ್ಣನ ತಂಗಿಯ ಗಂಡ ಎಂದು ಆಗ ಗೊತ್ತಾಯಿತು. ಅವನು ನಮ್ಮ ಬಾಡಿಗೆ ಕೋಣೆಗೇ ಬಂದು ಬಾಗಿಲಲ್ಲಿ ನಿಂತು ಹೇಳಿದ: “ನಿಮ್ಮಣ್ಣ ಅದೃಷ್ಟ ಯಾವುದು, ಸುದ್ದಿ ಯಾವುದು ಅಂತ ತಿಳಿಲಾರದ ಮನಿಷಾ ಅಲ್ಲವ್ವಾ. ನಿನ್ನ ಸಲುವಾಗಿ ನನಗ ಸುಳ್ಳು ಹೇಳಿದ. ನಂಬಿಕಿ ಹೋದ ಮ್ಯಾಲ ಅವನ ಹಲಗಿ ನಾ ಹೆಂಗ ನೋಡಲಿ? ಕೆಲಸ ಬಿಡಿಸೀನಿ.”

ನಾನು ಸೆರಗು ಬಾಯಿಗೆ ಒತ್ತಿಕೊಂಡು ನಿಂತೆ. ಅಣ್ಣ ಯಾಕೆ ಸುಳ್ಳು ಹೇಳಿದ ಎಂದು ಅಲ್ಲಿಯ ತನಕ ನನಗೆ ತಿಳಿದೇ ಇರಲಿಲ್ಲ. ಅಣ್ಣ ನಮ್ಮ ಮನೆಯ ಬಾಗಿಲು ಕಾಯಲು ತನ್ನ ಮಾತು ಕೆಡಿಸಿಕೊಂಡಿದ್ದ. ಒಳಗಿನಿಂದ ಚಿಲಕ ತೆಗೆದು ಕಳಿಸಿದವಳು ನಾನು.

ಆ ಧಂದೆಯಲ್ಲಿ ಮಾತು ಬೇಗ ಹರಡುತ್ತದೆ. ಯಾರೂ ಅವನಿಗೆ ಕೆಲಸ ಕೊಡಲಿಲ್ಲ. ಅಣ್ಣ ದೇವದುರ್ಗಕ್ಕೆ ಹೋಗಿ ಶೇಂಗಾ ವ್ಯಾಪಾರಿಯೊಬ್ಬರ ಹತ್ತಿರ ತೂಕ ಬರೆಯಲು ನಿಂತ. ಹಬ್ಬಕ್ಕೆ ಮಾನ್ವಿಯ ತವರುಮನೆಗೆ ಬಂದರೆ ನಾನು ಬರುವ ಮುಂಚೆ ಹೊರಟುಬಿಡುತ್ತಿದ್ದ, ನನಗೆ ಮುಜುಗರ ಆಗಬಾರದು ಅಂತ. ನಾನೂ ಎಷ್ಟೋ ವರ್ಷ ಮುಖ ತಪ್ಪಿಸಿದೆ. ಇವರು ಆಟ ಬಿಟ್ಟು ಮಿಲ್ಲಿನ ಕೆಲಸದಲ್ಲೇ ಮನೆ ನಡೆಸಿದರು. ಅಣ್ಣನಿಗೆ ನಾನು ಹೇಳಬೇಕಾದ ಮಾತು ಮಾತ್ರ ಬಾಕಿ ಉಳಿದಿತ್ತು.

ಈಗ ಅಣ್ಣ ಇಲ್ಲ. ಜ್ವರ ಬಂದು, ಯಾರಿಗೂ ತೊಂದರೆ ಕೊಡದೆ ಹೋದ. ಅದಕ್ಕೂ ಮುಂಚಿನ ಸುಗ್ಗಿಯಲ್ಲಿ ನಾನು ದೇವದುರ್ಗಕ್ಕೆ ಹೋಗಿದ್ದೆ, ಅದೊಂದೇ ನನ್ನ ಪುಣ್ಯ. ಅವನು ಶೇಂಗಾ ಚೀಲಗಳ ನಡುವೆ ಕೂತಿದ್ದ. ತಲೆ ಪೂರ್ತಿ ನೆರೆತಿತ್ತು. ನನ್ನನ್ನು ಕಂಡು ಎದ್ದು, ಹೆಗಲ ಮೇಲಿನ ಟವಲಿನಿಂದ ಒಂದು ಚೀಲದ ಧೂಳು ಒರೆಸಿ ಜಾಗ ಮಾಡಿದ.

“ಬಿಸಿಲಾಗ ಬಂದೀಯಲ್ಲವ್ವಾ. ಊಟ ಆತೇನು?”

ಮನೆಗೆ ಕರೆದೊಯ್ದ ಮೇಲೆ ಹೇಳೋಣ ಎಂದುಕೊಂಡಿದ್ದೆ. ಆದರೆ ಅವನು ಊಟ ಆತೇನು ಎಂದ ಮೇಲೆ ನನಗೆ ತಡೆಯಲಾಗಲಿಲ್ಲ. ಹಮಾಲರು ಚೀಲ ಹೊತ್ತು ನಿಂತೇ ನೋಡುತ್ತಿದ್ದರು. ವ್ಯಾಪಾರಿಯೂ ತಿರುಗಿ ನೋಡಿದರು. ಹೊಸ್ತಿಲಲ್ಲಿ ನಿಂತು ಬೈದವಳು ನಾನು, ಮಂದಿಯ ಮುಂದೆಯೇ ಹೇಳಬೇಕು ಅನ್ನಿಸಿತು. ಎಲ್ಲರಿಗೂ ಕೇಳುವಂತೆ ಹೇಳಿದೆ:

“ಯಣ್ಣಾ, ನೀ ಹೇಳಿದ್ದೆಲ್ಲಾ ಖರೇ ಇತ್ತು. ನಿಲ್ಲಸ್ತೀನಿ ಅಂತ ಹೂಂ ಅಂದು, ಬಳಿ ಬಿಚ್ಚಿ ಕೊಟ್ಟು ಆಡಿಸಿದಾಕಿ ನಾನು. ನನ್ನ ಮನಿ ಉಳಸಾಕ ಹೋಗಿ ನಿನ್ನ ಕೆಲಸಾ ಹೋತು. ತಪ್ಪು ನಂದು, ನನ್ನ ಗಂಡಂದಲ್ಲ, ಯಾರದೂ ಅಲ್ಲ. ತಪ್ಪಾತೋ ಯಣ್ಣಾ.”