ನೀಲಿ ಸೂಟ್‌ಕೇಸಿನ ಜಿಪ್ಪು

ಹಳೆಯ ಸೂಟ್‌ಕೇಸು, ಬ್ಯಾಕ್‌ಪ್ಯಾಕುಗಳನ್ನು ಆನ್‌ಲೈನಿನಲ್ಲಿ ಮಾರುವ ಕಂಪನಿಯಲ್ಲಿ ನನ್ನ ಕೆಲಸ. ವಿಮಾನ ನಗರದ ಆಫೀಸಿನಲ್ಲಿ ಕೂತು, ಮಾರುವವರು ಕಳಿಸಿದ ಫೋಟೊ ನೋಡಿ, ಮಾಲು ನಿಜವಾಗಿಯೂ ಅವರು ಹೇಳಿದ ಬ್ರ್ಯಾಂಡಿನದೋ ನಕಲಿಯೋ ಹೇಳಬೇಕು. ಮುಟ್ಟಿ ನೋಡುವ ಭಾಗ್ಯ ನಮಗಿಲ್ಲ. ಮನೆಯಿರುವ ಕಾತ್ರಜದಿಂದ ಬಸ್ಸು ಬದಲಿಸಿ ಅಷ್ಟು ದೂರ ಹೋಗುವುದು ಕಂಡವರ ಬ್ಯಾಗಿನ ಹೊಟ್ಟೆ ನೋಡುವುದಕ್ಕಾ ಎಂದು ಅವ್ವ ಇವತ್ತಿಗೂ ಕೇಳುತ್ತಾಳೆ.

ಕೆಲಸ ಕಲಿಸಿದವರು ಪಕ್ಕದ ಖುರ್ಚಿಯ ಅಕ್ಕ. ಕಲಬುರಗಿ ಕಡೆಯವರು, ನನಗಿಂತ ಬಹಳ ಹಿರಿಯರು. ಎಲ್ಲರ ಜೊತೆ ಮರಾಠಿ, ನನ್ನ ಜೊತೆ ಮಾತ್ರ ಕನ್ನಡ. "ಒಂದೇ ಗುರ್ತು ಹಿಡ್ಕೊಂಡು ತೀರ್ಪು ಕೊಡಬ್ಯಾಡ" ಎನ್ನುತ್ತಿದ್ದರು. "ಜಿಪ್ಪು ಹಾಳಾದ್ರ ಮಂದಿ ಬದಲಿ ಹಾಕಸ್ತಾರ. ಗಾಲಿ ಮುರಿದ್ರ ಅದನ್ನೂ ಹಾಕಸ್ತಾರ. ಆದ್ರ ಒಳಗಿನ ಬಟ್ಟಿ, ಹೊಲಿಗಿ, ಗಾಲಿಮನಿ ಎಲ್ಲಾ ಕೂಡೇ ಬದಲಿ ಮಾಡಸೋ ಹುಚ್ಚರು ಯಾರೂ ಇರಂಗಿಲ್ಲ."

ನಮ್ಮಲ್ಲಿ ಪ್ರತಿ ಮಾಲನ್ನೂ ಇಬ್ಬರು ನೋಡುತ್ತಾರೆ. ಮೊದಲಿನವರು ಏನು ಬರೆದರೆಂದು ಎರಡನೆಯವರಿಗೆ ಕಾಣುವುದಿಲ್ಲ. ಇಬ್ಬರ ಮಾತು ಕೂಡದಿದ್ದರೆ ಅದು ಸಾಹೇಬರ ಮೇಜಿಗೆ ಹೋಗುತ್ತದೆ. ಇತ್ತೀಚೆಗೆ ಅಕ್ಕನ ತೀರ್ಪುಗಳು ಅಲ್ಲಿ ಮೇಲಿಂದ ಮೇಲೆ ತಪ್ಪಾಗಿದ್ದವು. ಇನ್ನೊಂದು ತಪ್ಪಾದರೆ ಈ ಖುರ್ಚಿ ಬಿಡಬೇಕು ಎಂದು ಸಾಹೇಬರು ಎಲ್ಲರೆದುರೇ ಹೇಳಿದ್ದರು. ಅವತ್ತಿನಿಂದ ಅಕ್ಕ ಚಹಾಕ್ಕೂ ಏಳುತ್ತಿರಲಿಲ್ಲ.

ಆ ದಿನ ಊಟಕ್ಕೆ ಮೊದಲು ಅಕ್ಕ ತಮ್ಮಷ್ಟಕ್ಕೆ ತಾವೇ, "ಈ ನೀಲಿದು ಅಸಲಿನ ಅದ" ಎಂದು ಗುಂಡಿ ಒತ್ತಿದ್ದು ನನ್ನ ಕಿವಿಗೆ ಬಿತ್ತು. ಊಟ ಮುಗಿಸಿ ಬಂದರೆ ಅದೇ ನೀಲಿ ಸೂಟ್‌ಕೇಸು ನನ್ನ ಪರದೆಯ ಮೇಲೆ. ಎರಡನೆಯ ತೀರ್ಪು ನನ್ನದು.

ಜಿಪ್ಪಿನ ಎಳೆಯುವ ತುಂಡನ್ನು ದೊಡ್ಡದು ಮಾಡಿದೆ. ಈ ಮಾದರಿಯ ಅಸಲಿಯಲ್ಲಿ ಬ್ರ್ಯಾಂಡಿನ ಅಕ್ಷರಗಳು ಲೋಹದೊಳಕ್ಕೆ ಆಳವಾಗಿ ಇಳಿದಿರುತ್ತವೆ, ಅಂಚು ಚೂಪಾಗಿರುತ್ತದೆ. ಇಲ್ಲಿ ಅವು ಅರ್ಧ ಚೀಪಿದ ಪೆಪ್ಪರಮೆಂಟಿನ ಹಾಗೆ ಸವೆದು ಉರುಟಾಗಿದ್ದವು. ಜಿಪ್ಪು ಬದಲಾಯಿಸಿರಬಹುದು ಎಂದುಕೊಂಡೆ. ಹಾಗೆ ಅಂದುಕೊಳ್ಳಲು ನನಗೆ ಆಸೆಯಿತ್ತು. ಒಳಬಟ್ಟೆಯ ಫೋಟೊ ಮಸುಕು, ಗಾಲಿಯ ಫೋಟೊದಲ್ಲಿ ಬರೀ ನೆರಳು. ಇಂಥ ಫೋಟೊ ಕಳಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆವತ್ತು ಮಾತ್ರ ಅವರಿಗೆ ಮನಸ್ಸಿನಲ್ಲೇ ಕೈಮುಗಿದೆ. ಸ್ಪಷ್ಟವಾದ ಫೋಟೊ ಬೇಕು ಎಂದು ಬರೆದು ಕಳಿಸಿದೆ: ಒಳಬಟ್ಟೆ ಬೆಳಕಿನಲ್ಲಿ, ಗಾಲಿ ಕೂರುವ ಗಾಲಿಮನೆ ಪಕ್ಕದಿಂದ, ಹಿಡಿಕೆಯ ಹೊಲಿಗೆ ಹತ್ತಿರದಿಂದ.

ಆಮೇಲೆ ಕಾಯುವುದು. ಬೇರೆ ಬ್ಯಾಗುಗಳನ್ನು ನೋಡಿದೆ, ಒಂದೂ ತಲೆಗೆ ಹೋಗಲಿಲ್ಲ. ಪಕ್ಕದಲ್ಲಿ ಅಕ್ಕ ಮೂಗು ಪರದೆಗೆ ತಾಗುವಷ್ಟು ಬಾಗಿ ಕೂತಿದ್ದರು. "ಯಾಕವ್ವಾ, ಸುಮ್ಮ ಕುಂತೀದಿ?" ಎಂದು ಕೇಳಿದರು. ತಲೆನೋವು ಎಂದು ಸುಳ್ಳು ಹೇಳಿದೆ. ಪಾಪ, ಚೀಲದಿಂದ ಗುಳಿಗೆ ತೆಗೆದು ಕೊಟ್ಟರು, ನುಂಗಿದೆ.

ಫೋಟೊಗಳು ಬಂದವು, ಕನ್ನಡಿಯಷ್ಟು ಸ್ಪಷ್ಟವಾಗಿ. ಒಳಬಟ್ಟೆಯ ಮೇಲೆ ಅಚ್ಚಾದ ಹೆಸರಿನ ಸಾಲು ಸೊಟ್ಟಗೆ ಓಡಿತ್ತು, ಅಕ್ಷರಗಳ ನಡುವಿನ ಅಂತರ ಒಂದು ಕಡೆ ಇದ್ದಂತೆ ಇನ್ನೊಂದು ಕಡೆ ಇರಲಿಲ್ಲ. ಗಾಲಿಮನೆ ಪೆಟ್ಟಿಗೆಗೆ ಅಂಟಿ ಕೂರದೆ ಸುತ್ತ ಸಂದು ಬಿಟ್ಟಿತ್ತು, ಅಚ್ಚಿನ ಪ್ಲಾಸ್ಟಿಕ್ ಅಂಚಿನಲ್ಲಿ ಎಳೆಯಾಗಿ ಉಳಿದಿತ್ತು. ಹಿಡಿಕೆಯ ಹೊಲಿಗೆ ಒಂದು ಉದ್ದ, ಒಂದು ಗಿಡ್ಡ. ನನಗೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಅಸಲಿ ಎಂದು ಒತ್ತಿಬಿಟ್ಟರೆ ಇಬ್ಬರ ಮಾತೂ ಕೂಡುತ್ತದೆ, ಸಾಹೇಬರಿಗೆ ಸುಳಿವೂ ಸಿಗುವುದಿಲ್ಲ. ಆದರೆ ಯಾರೋ ನಮ್ಮ ಮಾತು ನಂಬಿ ಇದನ್ನು ಕೊಳ್ಳುತ್ತಾರೆ. ನಕಲಿ ಎಂದು ಒತ್ತಿದೆ.

ಸ್ವಲ್ಪ ಹೊತ್ತಿಗೆ ಸಾಹೇಬರು ಅಕ್ಕನನ್ನು ಕರೆದರು. ಅಕ್ಕ ಅವರ ಕೋಣೆಯಿಂದ ಹೊರಗೆ ಬಂದಾಗ ನಾನು ಎದ್ದು ನಿಂತೆ.

"ನೀನ ನೋಡಿದ್ದೇನು?"

"ಹೌದ್ರಿ ಅಕ್ಕಾ."

ಬೈಯಲಿಲ್ಲ, ಅಳಲಿಲ್ಲ. ನನ್ನ ಖುರ್ಚಿಯಲ್ಲೇ ಕೂತು, "ಎಲ್ಲಿ ತಪ್ಪಿದೆ, ತೋರ್ಸು" ಎಂದರು. ನಾನು ಪರದೆಯ ಮೇಲೆ ಎರಡು ಜಿಪ್ಪುಗಳನ್ನು ಅಕ್ಕಪಕ್ಕ ಇಟ್ಟೆ, ಒಂದು ನಮ್ಮಲ್ಲಿರುವ ಅಸಲಿ ಮಾದರಿಯದು, ಇನ್ನೊಂದು ಇವತ್ತಿನದು. ಯಾವುದು ಯಾವುದೆಂದು ಹೇಳಲಿಲ್ಲ, ಅವರಿಗೆ ಹೇಳಬೇಕೆಂದು ನನಗೆ ಹೊಳೆಯಲೂ ಇಲ್ಲ.

ಅಕ್ಕ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಬಹಳ ಹೊತ್ತು ನೋಡಿದರು. ಕೊನೆಗೆ ಪರದೆಯ ಮೇಲೆ ಬೆರಳಿಟ್ಟು, "ಖರೇ ಅದವ್ವಾ. ಅಕ್ಷರ ಎಲ್ಲಾ ಕರಗ್ಯಾವ ನೋಡು, ಈಗ ಕಾಣಸ್ತು" ಎಂದರು.

ಬೆರಳು ಇದ್ದದ್ದು ಅಕ್ಷರ ಚೂಪಾಗಿದ್ದ ಅಸಲಿಯ ಮೇಲೆ. ನಾನು "ಹೌದ್ರಿ" ಎಂದೆ.